ಹಿಲ್ ರಿಪೀಟ್: ಎಷ್ಟು ಏರು, ಎಷ್ಟು ಉದ್ದ, ವಾರದ ಯಾವ ದಿನ?

ಬೆಂಗಳೂರಿನಲ್ಲಿ ಓಡುವವರಿಗೆ ಹಿಲ್ ರಿಪೀಟ್ ಎಂದ ಕೂಡಲೇ ನಂದಿ ಬೆಟ್ಟ ನೆನಪಾಗುತ್ತದೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟ. ಭಾನುವಾರ ಬೆಳಗಿನ ಜಾವ ಬುಡದಲ್ಲಿ ಗಾಡಿ ನಿಲ್ಲಿಸಿ, ಮೇಲಿನವರೆಗೆ ಹತ್ತಿ, ಇಳಿದು ಬರುತ್ತಾರೆ. ಅದು ಒಳ್ಳೆಯ ವ್ಯಾಯಾಮವೇ. ಆದರೆ ಅದನ್ನು ಏರಿನಲ್ಲಿ ಮಾಡಿದ ಲಾಂಗ್ ರನ್ ಅನ್ನಬೇಕು. ಹಿಲ್ ರಿಪೀಟ್‌ಗೆ ಬೆಟ್ಟವೇ ಬೇಕಾಗಿಲ್ಲ. ನೂರೈವತ್ತು ಮೀಟರ್ ಉದ್ದದ, ಒಂದೇ ಸಮ ಏರುವ ರಸ್ತೆ ಸಾಕು. ಅದನ್ನು ಜೋರಾಗಿ ಹತ್ತಬೇಕು, ನಿಧಾನವಾಗಿ ಇಳಿಯಬೇಕು, ಉಸಿರು ಹಿಡಿತಕ್ಕೆ ಬಂದ ಮೇಲೆ ಮತ್ತೆ ಹತ್ತಬೇಕು.

ಕೆಲಸ ಇಷ್ಟೇ. ಅದರಿಂದ ಏನು ಸಿಗುತ್ತದೆ ಅನ್ನುವುದನ್ನು ಮಾತ್ರ ಎರಡು ಸಂಗತಿಗಳು ತೀರ್ಮಾನಿಸುತ್ತವೆ: ಏರು ಎಷ್ಟು ಕಡಿದಾಗಿದೆ, ಒಂದು ಸಲಕ್ಕೆ ಎಷ್ಟು ಹೊತ್ತು ಹತ್ತುತ್ತೀರಿ. ಇವನ್ನು ಅಂದಾಜಿಗೆ ಬಿಟ್ಟರೆ ಸುಸ್ತಂತೂ ಖಂಡಿತ ಆಗುತ್ತದೆ, ಕಾಲಿಗೆ ಬಲ ಬರುತ್ತದೆ ಅನ್ನುವ ಭರವಸೆ ಇರುವುದಿಲ್ಲ.

ಏರಿನಲ್ಲಿ ಕಾಲಿಗೆ ಏನಾಗುತ್ತದೆ

ಸಮತಟ್ಟಾದ ನೆಲದಲ್ಲಿ ಓಡುವಾಗ ನಮ್ಮ ಕಾಲು ಸ್ಪ್ರಿಂಗಿನ ಹಾಗೆ ಕೆಲಸ ಮಾಡುತ್ತದೆ. ಪಾದ ನೆಲಕ್ಕೆ ತಾಗಿದಾಗ ಹಿಮ್ಮಡಿಯ ಮೇಲಿನ ದಪ್ಪ ನರ, ಅಂದರೆ ಅಕಿಲಿಸ್ ಸ್ನಾಯುರಜ್ಜು, ಹಿಗ್ಗುತ್ತದೆ. ಮುಂದಿನ ಕ್ಷಣ ಕುಗ್ಗಿ, ಹೀರಿಕೊಂಡ ಶಕ್ತಿಯಲ್ಲಿ ಒಂದು ಪಾಲನ್ನು ವಾಪಸ್ ಕೊಡುತ್ತದೆ. ಏರಿನಲ್ಲಿ ಈ ಲಾಭ ಕಡಿಮೆಯಾಗುತ್ತದೆ, ಯಾಕೆಂದರೆ ಪ್ರತಿ ಹೆಜ್ಜೆಗೂ ಇಡೀ ದೇಹವನ್ನು ಸ್ವಲ್ಪ ಮೇಲೆತ್ತಬೇಕು. ಆ ಕೆಲಸವನ್ನು ಸ್ನಾಯುಗಳೇ ಮಾಡಬೇಕು. ಪೃಷ್ಠದ ಸ್ನಾಯು, ತೊಡೆ, ಮೀನಖಂಡ ಮೂರೂ ಸಮತಟ್ಟಿಗಿಂತ ಜಾಸ್ತಿ ದುಡಿಯುತ್ತವೆ. ಅದೂ ಓಡುವ ಭಂಗಿಯಲ್ಲೇ, ಓಡುವ ಲಯದಲ್ಲೇ. ಜಿಮ್‌ನಲ್ಲಿ ಸ್ಕ್ವಾಟ್ ಮಾಡಿದರೂ ಬಲ ಬರುತ್ತದೆ. ಆದರೆ ಆ ಬಲವನ್ನು ಒಂದೇ ಕಾಲಿನ ಮೇಲೆ, ಕ್ಷಣಮಾತ್ರದಲ್ಲಿ, ಮತ್ತೆ ಮತ್ತೆ ಬಳಸುವ ಅಭ್ಯಾಸ ಆಗುವುದು ಏರಿನಲ್ಲಿ.

ಇನ್ನೊಂದು ಅನುಕೂಲವಿದೆ. ಏರಿನಲ್ಲಿ ನೆಲವೇ ಪಾದದ ಹತ್ತಿರ ಬಂದಿರುತ್ತದೆ. ಪಾದ ಕಡಿಮೆ ಎತ್ತರದಿಂದ ಬೀಳುತ್ತದೆ, ನೆಲಕ್ಕೆ ಬಡಿಯುವ ಪೆಟ್ಟೂ ಕಡಿಮೆ. ಸಮತಟ್ಟಿನಲ್ಲಿ ಇಷ್ಟೇ ಶ್ರಮ ಹಾಕಬೇಕಾದರೆ ತುಂಬ ವೇಗವಾಗಿ ಓಡಬೇಕಾಗುತ್ತಿತ್ತು, ಪ್ರತಿ ಹೆಜ್ಜೆಯ ಪೆಟ್ಟೂ ಹೆಚ್ಚುತ್ತಿತ್ತು. ಮಂಡಿ, ಮೊಣಕಾಲಿನ ಕೆಳಗಿನ ಮೂಳೆ ನೋಯುವವರಿಗೆ ಕೋಚ್‌ಗಳು ಟ್ರ್ಯಾಕ್ ಬದಲು ಏರು ಕೊಡುವುದು ಇದೇ ಕಾರಣಕ್ಕೆ.

ಈ ಪದ್ಧತಿಗೆ ಹೆಸರು ತಂದುಕೊಟ್ಟವರು ನ್ಯೂಜಿಲೆಂಡ್‌ನ ಕೋಚ್ ಆರ್ಥರ್ ಲಿಡಿಯರ್ಡ್. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯ ಪೀಟರ್ ಸ್ನೆಲ್ 800 ಮೀಟರ್‌ನಲ್ಲೂ ಮರ್ರೆ ಹಾಲ್ಬರ್ಗ್ 5,000 ಮೀಟರ್‌ನಲ್ಲೂ ಚಿನ್ನ ಗೆದ್ದರು. ಲಿಡಿಯರ್ಡ್ ಮೊದಲು ವಾರಗಟ್ಟಲೆ ದೂರದ ಓಟ ಮಾಡಿಸುತ್ತಿದ್ದರು. ಆಮೇಲೆ ಏರಿನ ಅಭ್ಯಾಸ. ಟ್ರ್ಯಾಕ್ ಮೇಲಿನ ವೇಗದ ಓಟ ಅದರ ನಂತರ. ಈ ಅನುಕ್ರಮ ಇವತ್ತಿಗೂ ಸರಿಯೇ. ಏರು ನಡುವೆ ಬರುತ್ತದೆ. ಮೂರ್ನಾಲ್ಕು ತಿಂಗಳಾದರೂ ಬಿಡದೆ ಓಡಿದವರಿಗೆ ಅದು ಹೊಂದುತ್ತದೆ. ಹೋದ ತಿಂಗಳು ಶೂ ಕೊಂಡವರು ಸ್ವಲ್ಪ ಕಾಯಬೇಕು.

ಏರನ್ನು ಅಳೆಯುವುದು

ಏರನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಆರು ಮೀಟರ್ ಮೇಲೆ ಬಂದರೆ ಅದು ಶೇ. 6ರ ಏರು. ಬಲಕ್ಕಾಗಿ ಓಡುವವರಿಗೆ ಬೇಕಾದದ್ದು ಶೇ. 5ರಿಂದ 7. ಕಣ್ಣಿಗೆ ಇದು ಅಷ್ಟೇನೂ ಕಡಿದಾಗಿ ಕಾಣುವುದಿಲ್ಲ. ‘ಇಷ್ಟೇನಾ?’ ಅನ್ನಿಸುವ ರಸ್ತೆಯೇ ಬಹಳ ಸಲ ಸರಿಯಾದ ರಸ್ತೆ.

ಸಂಶೋಧಕ ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು ಬೇರೆ ಬೇರೆ ಏರಿನಲ್ಲಿ ಓಡಲು ಎಷ್ಟು ಶಕ್ತಿ ಬೇಕು ಎಂದು ಟ್ರೆಡ್‌ಮಿಲ್ ಮೇಲೆ ಅಳೆದು 2002ರಲ್ಲಿ ಪ್ರಕಟಿಸಿದರು. ಅವರ ಲೆಕ್ಕದ ಪ್ರಕಾರ, ಶೇ. 5ರ ಏರಿನಲ್ಲಿ ಪ್ರತಿ ಮೀಟರಿಗೆ ಸಮತಟ್ಟಿಗಿಂತ ಸುಮಾರು ಶೇ. 30ರಷ್ಟು ಹೆಚ್ಚು ಶಕ್ತಿ ಬೇಕು. ಶೇ. 10ರ ಏರಿನಲ್ಲಿ ಮೂರನೇ ಎರಡರಷ್ಟು ಹೆಚ್ಚು. ಅಂದರೆ ಏರು ಕಡಿದಾದಂತೆ ವೇಗ ಬೇಗ ಬೇಗ ಕುಸಿಯುತ್ತದೆ. ವೇಗ ತೀರಾ ಕುಸಿದರೆ ಪಾದ ನೆಲದ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತದೆ, ಹೆಜ್ಜೆ ಎಳೆದಂತೆ ಆಗುತ್ತದೆ. ಆಗ ನೀವು ಅಭ್ಯಾಸ ಮಾಡುತ್ತಿರುವುದು ಓಟವನ್ನಲ್ಲ, ಮೆಟ್ಟಿಲು ಹತ್ತುವುದನ್ನು. ಹಿಮ್ಮಡಿ ಕೆಳಗೆ, ಬೆರಳು ಮೇಲೆ ಇರುವ ಭಂಗಿಯಲ್ಲಿ ಮೀನಖಂಡ ಮತ್ತು ಅದರ ಕೆಳಗಿನ ನರ ತುಂಬ ಎಳೆಯುತ್ತವೆ. ಅಲ್ಲಿಂದಲೇ ಗಾಯ ಶುರುವಾಗುವುದು.

ಅಳೆಯಲು ಹಲವರು ಕೈಗಡಿಯಾರದ ಜಿಪಿಎಸ್ ನೋಡುತ್ತಾರೆ. ಇಷ್ಟು ಚಿಕ್ಕ ಏರಿಗೆ ಅದನ್ನು ನಂಬಬೇಡಿ. ನೂರೈವತ್ತು ಮೀಟರ್ ರಸ್ತೆಯ ಒಟ್ಟು ಏರಿಕೆಯೇ ಎಂಟೊಂಬತ್ತು ಮೀಟರ್. ಅದರಲ್ಲಿ ಮೂರು ಮೀಟರ್ ಹೆಚ್ಚುಕಮ್ಮಿ ತೋರಿಸಿದರೆ ಲೆಕ್ಕವೇ ತಪ್ಪಿತು. ಇದಕ್ಕಿಂತ ಒಳ್ಳೆಯ ಉಪಾಯ ಗಾರೆ ಕೆಲಸದವರ ಬಳಿ ಇದೆ. ಒಂದು ಮೀಟರ್ ಉದ್ದದ ನೇರ ಪಟ್ಟಿ, ಅದರ ಮೇಲೆ ಒಂದು ರಸಮಟ್ಟ. ಪಟ್ಟಿಯನ್ನು ಏರಿನ ದಿಕ್ಕಿಗೆ ರಸ್ತೆ ಮೇಲೆ ಇಟ್ಟು, ರಸಮಟ್ಟದ ಗುಳ್ಳೆ ನಡುವೆ ಬರುವ ತನಕ ಕೆಳಗಿನ ತುದಿಯನ್ನು ಎತ್ತಿ. ಆ ತುದಿ ನೆಲದಿಂದ ಆರು ಸೆಂಟಿಮೀಟರ್ ಮೇಲಿದ್ದರೆ ಏರು ಶೇ. 6. ರಸಮಟ್ಟ ಇಲ್ಲದಿದ್ದರೆ ಫೋನಿನ ಲೆವೆಲ್ ಆ್ಯಪ್ ಆಗುತ್ತದೆ. ಅದು ಡಿಗ್ರಿಯಲ್ಲಿ ತೋರಿಸುತ್ತದೆ: 3 ಡಿಗ್ರಿ ಎಂದರೆ ಸುಮಾರು ಶೇ. 5, 4 ಡಿಗ್ರಿ ಎಂದರೆ ಶೇ. 7. ರಸ್ತೆಯ ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆದು ಸರಾಸರಿ ತೆಗೆಯಿರಿ. ಮೂರೂ ಕಡೆ ಹೆಚ್ಚುಕಮ್ಮಿ ಒಂದೇ ಬಂದರೆ ಇನ್ನೂ ಒಳ್ಳೆಯದು. ನಡುವೆ ಏಕಾಏಕಿ ಕಡಿದಾಗುವ ರಸ್ತೆಯಲ್ಲಿ ಲಯ ಮುರಿಯುತ್ತದೆ.

ಇಂಥ ಏರು ಎಲ್ಲಿ ಸಿಗುತ್ತದೆ? ಮಡಿಕೇರಿ, ಮಂಗಳೂರಿನವರು ಮನೆಯಿಂದ ಹೊರಗೆ ಬಂದರೆ ಸಾಕು. ಅವರ ಕಷ್ಟ ಸಮತಟ್ಟು ಹುಡುಕುವುದು. ಘಾಟಿ ರಸ್ತೆಗಳೂ ಸಾಮಾನ್ಯವಾಗಿ ಈ ಮಿತಿಯಲ್ಲೇ ಇರುತ್ತವೆ. ನಮ್ಮ ದೇಶದ ರಸ್ತೆ ನಿಯಮದ ಪ್ರಕಾರ ಬೆಟ್ಟಪ್ರದೇಶದಲ್ಲಿ ಸಾಮಾನ್ಯ ಏರು ಶೇ. 5, ಕಡಿದಾದ ಪ್ರದೇಶದಲ್ಲಿ ಶೇ. 6. ಬಯಲಿನಲ್ಲಿ ಅದು ಶೇ. 3.3 ಮಾತ್ರ. ಹಾಗಾಗಿ ಬಯಲುಸೀಮೆಯ ಫ್ಲೈಓವರ್, ರೈಲ್ವೆ ಮೇಲ್ಸೇತುವೆಗಳು ಸ್ವಲ್ಪ ಚಪ್ಪಟೆ. ವಾಹನಗಳ ಕಾರಣಕ್ಕೆ ಅಲ್ಲಿ ಓಡುವುದು ಬೇಡವೇ ಬೇಡ. ವಿಜಯಪುರ, ರಾಯಚೂರಿನಂಥ ಕಡೆ ಕೆರೆ ಏರಿಗೆ ಹತ್ತುವ ದಾರಿ, ಕೋಟೆಯ ಪಕ್ಕದ ರಸ್ತೆ ಹುಡುಕಬಹುದು. ಏನೂ ಸಿಗದಿದ್ದರೆ ಜಿಮ್‌ನ ಟ್ರೆಡ್‌ಮಿಲ್‌ನಲ್ಲಿ ಇನ್‌ಕ್ಲೈನ್ 6 ಇಟ್ಟರೆ ಅದೇ ಶೇ. 6. ರಸ್ತೆ ಆರಿಸುವಾಗ ಅಂಚು ಚರಂಡಿ ಕಡೆಗೆ ವಾಲಿದೆಯೇ ಎಂದೂ ನೋಡಿ. ಪ್ರತಿ ಸಲವೂ ಅದೇ ಅಂಚಿನಲ್ಲಿ ಹತ್ತಿದರೆ ಒಂದು ಕಾಲಿನ ಪಾದ ಒಳಕ್ಕೆ, ಇನ್ನೊಂದು ಕಾಲಿನದು ಹೊರಕ್ಕೆ ತಿರುಚುತ್ತದೆ.

ಎಷ್ಟು ಉದ್ದ

ಉದ್ದವನ್ನು ಮೀಟರಿನಲ್ಲಿ ಯೋಚಿಸದೆ ಸೆಕೆಂಡಿನಲ್ಲಿ ಯೋಚಿಸಿ. ದೇಹಕ್ಕೆ ಗೊತ್ತಾಗುವುದು ಶ್ರಮದ ಹೊತ್ತು. ಎಂಟರಿಂದ ಹನ್ನೆರಡು ಸೆಕೆಂಡು, ಶೇ. 8–10ರ ಏರಿನಲ್ಲಿ ಪೂರ್ತಿ ಜೋರಾಗಿ ಹತ್ತಿದರೆ ಅದು ಶುದ್ಧ ಬಲದ ಕೆಲಸ. ಹೊತ್ತು ಕಡಿಮೆ ಇರುವುದರಿಂದ ಇಲ್ಲಿ ಮಾತ್ರ ಇಷ್ಟು ಕಡಿದಾದ ಏರು ನಡೆಯುತ್ತದೆ. ಎರಡರಿಂದ ನಾಲ್ಕು ನಿಮಿಷ, ಶೇ. 4–5ರಲ್ಲಿ ಹತ್ತಿದರೆ ಅದು ಮುಖ್ಯವಾಗಿ ಹೃದಯ ಮತ್ತು ಶ್ವಾಸಕೋಶದ ಕೆಲಸ. ಇವೆರಡರ ನಡುವೆ 45ರಿಂದ 90 ಸೆಕೆಂಡಿನ ರಿಪೀಟ್ ಇದೆ. ಬಲವೂ ಸಿಗುತ್ತದೆ, ದಮ್ಮೂ ಬೆಳೆಯುತ್ತದೆ. ವಾರಕ್ಕೆ ಒಂದೇ ದಿನ ಇದಕ್ಕೆ ಕೊಡಬಲ್ಲವರು ನಡುವಿನದನ್ನೇ ಹಿಡಿಯುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಇವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ಓಡುವವರ ನಡುವೆ ಮುಗಿಯುವುದೇ ಇಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. ಚೆನ್ನಾಗಿ ಪಳಗಿದ ಓಟಗಾರರಿಗೆ ಆರು ವಾರ ಬೇರೆ ಬೇರೆ ಉದ್ದದ, ಬೇರೆ ಬೇರೆ ಜೋರಿನ ಏರು ಓಡಿಸಿದರು. 5 ಕಿ.ಮೀ. ಸಮಯ ಸರಾಸರಿ ಶೇ. 2ರಷ್ಟು ಸುಧಾರಿಸಿತು. ಯಾವ ಉದ್ದ ಎಲ್ಲಕ್ಕಿಂತ ಒಳ್ಳೆಯದು ಎಂಬುದು ಮಾತ್ರ ಸ್ಪಷ್ಟವಾಗಿ ಹೊರಬರಲಿಲ್ಲ. ಹಾಗಾಗಿ ಉದ್ದದ ಬಗ್ಗೆ ತೀರಾ ತಲೆಕೆಡಿಸಿಕೊಳ್ಳಬೇಕಿಲ್ಲ. ನಿಮ್ಮ ಹತ್ತಿರ ಇರುವ ರಸ್ತೆಗೆ ಹೊಂದುವುದನ್ನು ಆರಿಸಿ, ಆರು ವಾರ ಅದಕ್ಕೇ ಅಂಟಿಕೊಳ್ಳಿ.

ಒಬ್ಬರ ಲೆಕ್ಕ ಹಾಕಿ ನೋಡೋಣ

10 ಕಿ.ಮೀ.ಯನ್ನು ಒಂದು ಗಂಟೆಯಲ್ಲಿ ಓಡುವವರನ್ನು ತೆಗೆದುಕೊಳ್ಳೋಣ. ಕಚೇರಿ ಕೆಲಸ, ವಾರಕ್ಕೆ ನಾಲ್ಕು ದಿನ ಓಟ, ಒಟ್ಟು ಮೂವತ್ತು ಕಿ.ಮೀ. ಆಸುಪಾಸು. ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ನಡೆಯುವ 10 ಕಿ.ಮೀ. ಓಟದಲ್ಲಿ ಒಂದು ಗಂಟೆಯೊಳಗೆ ಮುಗಿಸಬೇಕು ಎಂಬ ಆಸೆ. ಕೈಯಲ್ಲಿ ಎಂಟು ವಾರ ಇದೆ.

ಇವರು ಸಮತಟ್ಟಿನಲ್ಲಿ ಚಿಕ್ಕ ದೂರವನ್ನು ಜೋರಾಗಿ ಓಡಿದರೆ ಕಿ.ಮೀ.ಗೆ ಐದೂವರೆ ನಿಮಿಷದ ಆಸುಪಾಸು ಬರಬಹುದು. ಅದೇ ಶ್ರಮ ಶೇ. 6ರ ಏರಿನಲ್ಲಿ ಏಳೂವರೆ ನಿಮಿಷದ ವೇಗವಾಗುತ್ತದೆ. ಗಡಿಯಾರದಲ್ಲಿ ಈ ಅಂಕಿ ಕಂಡು ಗಾಬರಿಯಾಗುವುದು ಬೇಡ. ಒಂದು ನಿಮಿಷದಲ್ಲಿ ಅವರು ಸುಮಾರು 130 ಮೀಟರ್ ಹತ್ತುತ್ತಾರೆ, ಎತ್ತರದಲ್ಲಿ ಎಂಟು ಮೀಟರ್ ಮೇಲೆ ಬರುತ್ತಾರೆ. ಎಂಟು ರಿಪೀಟ್ ಮಾಡಿದರೆ ಅರವತ್ತು ಮೀಟರಿಗೂ ಹೆಚ್ಚು ಏರಿಕೆ. ಕಾಲಿಗೆ ಅದು ಸಣ್ಣ ಕೆಲಸವಲ್ಲ.

ಆ ದಿನ ಮೊದಲು ಹದಿನೈದು ನಿಮಿಷ ಮಾತಾಡುತ್ತಾ ಓಡುವಷ್ಟು ನಿಧಾನವಾದ ಓಟ. ಆಮೇಲೆ ಸಮತಟ್ಟಿನಲ್ಲಿ ಹದಿನೈದು ಸೆಕೆಂಡಿನ ನಾಲ್ಕು ಚುರುಕು ಓಟ. ನಂತರ ಏರಿನ ಬುಡಕ್ಕೆ ಬಂದು ಮೊದಲ ರಿಪೀಟ್ ಅನ್ನು ಬೇಕೆಂದೇ ಸ್ವಲ್ಪ ಹಿಡಿದು ಓಡಬೇಕು. ಒಂದು ನಿಮಿಷ ಮುಗಿದಾಗ ಎಲ್ಲಿದ್ದೀರೋ ಅಲ್ಲಿ ಒಂದು ಗುರುತು ನೋಡಿಕೊಳ್ಳಿ. ವಿದ್ಯುತ್ ಕಂಬವೋ, ಯಾರದೋ ಮನೆ ಗೇಟೋ. ಮುಂದಿನ ಎಲ್ಲ ರಿಪೀಟ್ ಆ ಗುರುತಿನವರೆಗೆ. ಈಗ ದೂರ ಒಂದೇ, ಅಳೆಯಬೇಕಾದದ್ದು ಸಮಯ ಮಾತ್ರ. ಕೊನೆಯ ಎರಡು ರಿಪೀಟ್ ಮೊದಲನೆಯದಕ್ಕಿಂತ ಎರಡು ಮೂರು ಸೆಕೆಂಡಿನೊಳಗೆ ಇದ್ದರೆ ಜೋರು ಸರಿಯಾಗಿತ್ತು. ಎಂಟು ಹತ್ತು ಸೆಕೆಂಡು ಜಾಸ್ತಿಯಾದರೆ ಆರಂಭದಲ್ಲೇ ಹೆಚ್ಚು ಸುರಿದಿದ್ದೀರಿ ಎಂದರ್ಥ. ಹೃದಯ ಬಡಿತ ನೋಡಿ ಜೋರನ್ನು ಹೊಂದಿಸಲು ಹೋಗಬೇಡಿ. ಬಡಿತ ಏರಲು ಹೊತ್ತು ಬೇಕು. ಒಂದು ನಿಮಿಷದ ಓಟದಲ್ಲಿ ಅದು ಸರಿಯಾದ ಅಂಕಿಗೆ ಬರುವಷ್ಟರಲ್ಲಿ ಏರು ಮುಗಿದಿರುತ್ತದೆ. ಉಸಿರೇ ಒಳ್ಳೆಯ ಅಳತೆ: ಮೇಲೆ ತಲುಪಿದಾಗ ಎರಡು ಮೂರು ಪದ ಹೇಳಲು ಆಗಬೇಕು, ಪೂರ್ತಿ ವಾಕ್ಯ ಹೇಳಲು ಆಗಬಾರದು.

ಹತ್ತುವಾಗ ಹೆಜ್ಜೆ ಚಿಕ್ಕದು, ಚುರುಕು. ನೋಟ ಹತ್ತು ಹದಿನೈದು ಮೀಟರ್ ಮುಂದೆ. ಮೈ ಮುಂದಕ್ಕೆ ಬಾಗುವುದಾದರೆ ಪಾದದ ಗಂಟಿನಿಂದ ಬಾಗಬೇಕು, ಸೊಂಟ ಮುರಿಯಬಾರದು. ಸೊಂಟ ಮುರಿದರೆ ಎದೆ ಕುಗ್ಗುತ್ತದೆ, ಪೃಷ್ಠದ ಸ್ನಾಯುವಿಗೆ ಸರಿಯಾಗಿ ತಳ್ಳಲು ಆಗುವುದಿಲ್ಲ, ಭಾರವೆಲ್ಲ ತೊಡೆಗೂ ಬೆನ್ನಿನ ಕೆಳಭಾಗಕ್ಕೂ ಬೀಳುತ್ತದೆ. ಮೊಣಕೈಯನ್ನು ಹಿಂದಕ್ಕೆ ಜೋರಾಗಿ ಎಳೆದರೆ ಮಂಡಿ ತಾನಾಗಿ ಮೇಲೆ ಬರುತ್ತದೆ. ಸುಸ್ತಾದಾಗ ಇದೆಲ್ಲ ಒಂದೊಂದೇ ಕಳಚುತ್ತದೆ. ಮೊದಲು ಗೊತ್ತಾಗುವುದು ಸದ್ದಿನಿಂದ. ಚುರುಕಾಗಿ ಬೀಳುತ್ತಿದ್ದ ಪಾದ ಧಪ್ ಧಪ್ ಅನ್ನತೊಡಗುತ್ತದೆ. ಎಂಟು ಮಾಡಬೇಕೆಂದು ಬಂದಿದ್ದರೂ ಆರನೆಯದರಲ್ಲೇ ಹೀಗಾದರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸಿ. ಉಳಿದ ಎರಡರಿಂದ ಕಾಲಿಗೆ ಕಲಿಸುವುದು ಕೆಟ್ಟ ಹೆಜ್ಜೆಯನ್ನು ಮಾತ್ರ.

ಇಳಿಯುವುದನ್ನು ಯಾರೂ ಗಮನಿಸುವುದಿಲ್ಲ, ಆದರೆ ಮರುದಿನ ತೊಡೆ ಹಿಡಿದುಕೊಳ್ಳುವುದು ಹೆಚ್ಚಾಗಿ ಅದರಿಂದಲೇ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಹಾಕುತ್ತದೆ. ಹಿಗ್ಗುತ್ತಲೇ ಬಿಗಿಯಬೇಕಾಗುತ್ತದೆ. ಅಂಥ ಕೆಲಸವೇ ಒಂದೆರಡು ದಿನದ ನೋವು ತರುವುದು. ಪಾದದ ಪೆಟ್ಟೂ ಇಳಿಯುವಾಗಲೇ ಜಾಸ್ತಿ. ಅದಕ್ಕೆ ಮೊದಲರ್ಧ ನಡೆದು, ಉಳಿದರ್ಧ ಚಿಕ್ಕ ಹೆಜ್ಜೆಯಲ್ಲಿ ಮೆಲ್ಲಗೆ ಓಡಿ ಇಳಿಯಬೇಕು. ಬುಡದಲ್ಲಿ ಉಸಿರು ಹಿಡಿತಕ್ಕೆ ಬರುವವರೆಗೆ ನಿಲ್ಲಬಹುದು. ಒಟ್ಟು ಎರಡು ನಿಮಿಷ, ಬೇಕಾದರೆ ಎರಡೂವರೆ. ಇಲ್ಲಿ ಆತುರಪಟ್ಟರೆ ಮುಂದಿನ ಏರು ಹಾಳಾಗುತ್ತದೆ.

ವಾರದಲ್ಲಿ ಎಲ್ಲಿ ಕೂರಿಸುವುದು

ಈ ಓಟಗಾರರ ವಾರ ಭಾನುವಾರದ ಲಾಂಗ್ ರನ್ ಸುತ್ತ ತಿರುಗುತ್ತದೆ. ಹನ್ನೆರಡು ಕಿ.ಮೀ. ಓಡಿದ ಕಾಲು ಸೋಮವಾರ ವಿಶ್ರಾಂತಿ ತೆಗೆದುಕೊಳ್ಳುತ್ತದೆ. ಮಂಗಳವಾರ ಆರು ಕಿ.ಮೀ. ನಿಧಾನ ಓಟ. ಬುಧವಾರ ಏರು. ವಾರ್ಮಪ್, ರಿಪೀಟ್, ಕೊನೆಯ ಹತ್ತು ನಿಮಿಷದ ನಿಧಾನ ಓಟ ಸೇರಿ ಆರೇಳು ಕಿ.ಮೀ. ಗುರುವಾರ ವಿಶ್ರಾಂತಿ. ಶುಕ್ರವಾರ ಮತ್ತೆ ನಿಧಾನವಾಗಿ ಆರು ಕಿ.ಮೀ., ಶನಿವಾರ ವಿಶ್ರಾಂತಿ. ಬುಧವಾರವೇ ಯಾಕೆಂದರೆ ಅದು ಎರಡು ಭಾನುವಾರಗಳ ನಡುವೆ ಇದೆ. ಹಿಂದಿನ ಲಾಂಗ್ ರನ್‌ನ ಆಯಾಸ ಇಳಿದಿರುತ್ತದೆ, ಮುಂದಿನದಕ್ಕೆ ಕಾಲು ಚೇತರಿಸಿಕೊಳ್ಳಲು ಮೂರು ದಿನ ಸಿಗುತ್ತದೆ.

ಬಹಳ ಜನ ಎಡವುವುದು ಇಲ್ಲೇ. ಈಗಾಗಲೇ ವಾರಕ್ಕೊಮ್ಮೆ ಟ್ರ್ಯಾಕ್‌ನಲ್ಲಿ ಇಂಟರ್ವಲ್ ಓಡುತ್ತಿರುತ್ತಾರೆ. ಅದನ್ನು ಉಳಿಸಿಕೊಂಡು ಏರನ್ನೂ ಸೇರಿಸುತ್ತಾರೆ. ನಾಲ್ಕು ದಿನದ ಓಟದಲ್ಲಿ ಲಾಂಗ್ ರನ್ ಸೇರಿ ಮೂರು ದಿನ ಕಠಿಣವಾಗುತ್ತದೆ. ಎರಡು ಮೂರು ವಾರ ಚೆನ್ನಾಗಿಯೇ ನಡೆಯುತ್ತದೆ, ಆಮೇಲೆ ನಿಧಾನ ಓಟವೂ ಭಾರವಾಗತೊಡಗುತ್ತದೆ. ಏರು ಬಂದರೆ ಇಂಟರ್ವಲ್ ಹೋಗಬೇಕು. ಜಿಮ್‌ನಲ್ಲಿ ಕಾಲಿನ ವ್ಯಾಯಾಮ ಮಾಡುವವರು ಅದನ್ನು ಬುಧವಾರ ಸಂಜೆಗೇ ಇಟ್ಟುಕೊಂಡರೆ ಗುರುವಾರ ನಿಜವಾದ ವಿಶ್ರಾಂತಿಯಾಗಿ ಉಳಿಯುತ್ತದೆ.

ಎಂಟು ವಾರ ಹೀಗೆ ಸಾಗಬಹುದು. ಮೊದಲ ವಾರ 45 ಸೆಕೆಂಡಿನ ಐದು, ಎರಡನೇ ವಾರ ಅಂಥವೇ ಆರು. ಮೂರನೇ ವಾರ ಆರೇ ರಿಪೀಟ್, ಆದರೆ ಒಂದೊಂದೂ ಒಂದು ನಿಮಿಷ. ನಾಲ್ಕನೇ ವಾರ ಇಳಿಸಿ, ನಾಲ್ಕು ಮಾತ್ರ. ಚೆನ್ನಾಗಿ ಓಡಲು ಆಗುತ್ತಿದ್ದರೂ ಇಳಿಸಲೇಬೇಕು. ಸ್ನಾಯು ಬೇಗ ಹೊಂದಿಕೊಳ್ಳುತ್ತದೆ, ಹಿಮ್ಮಡಿಯ ನರಕ್ಕೆ ಇನ್ನೂ ಹೊತ್ತು ಬೇಕು. ಐದನೇ ವಾರ ಏಳು, ಆರನೇ ವಾರ ಎಂಟು. ಒಮ್ಮೆ ಸಂಖ್ಯೆ ಹೆಚ್ಚಿಸಿದರೆ ಅದೇ ವಾರ ಉದ್ದ ಹೆಚ್ಚಿಸಬಾರದು, ಏರು ಎಷ್ಟು ಕಡಿದಾಗಿದೆ ಅನ್ನುವುದನ್ನಂತೂ ಬದಲಿಸಲೇಬಾರದು.

ಏರು ಕಾಲಿಗೆ ಒಗ್ಗುತ್ತಿಲ್ಲ ಅನ್ನುವುದಕ್ಕೆ ಒಂದು ಸೂಚನೆಯನ್ನು ಮಾತ್ರ ಯಾವತ್ತೂ ಕಡೆಗಣಿಸಬೇಡಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಕೆಲವು ಹೆಜ್ಜೆಗಳಲ್ಲಿ ಹಿಮ್ಮಡಿಯ ಮೇಲಿನ ನರ ಬಿಗಿದು ನೋಯುವುದು. ನಾಲ್ಕು ಹೆಜ್ಜೆ ನಡೆದ ಮೇಲೆ ನೋವು ಮಾಯವಾಗುತ್ತದೆ, ಹಾಗಾಗಿ ಮರೆತುಬಿಡುತ್ತೇವೆ. ಅದು ಎರಡು ದಿನ ಸತತವಾಗಿ ಬಂದರೆ ಆ ವಾರದ ಏರು ಬಿಡಿ, ಸಮತಟ್ಟಿನಲ್ಲಿ ನಿಧಾನವಾಗಿ ಓಡಿ. ಎರಡು ಬೆರಳಲ್ಲಿ ಆ ನರವನ್ನು ಹಿಂಡಿದಾಗ ನೋಯುತ್ತಿದ್ದರೆ, ಅಥವಾ ಒಂದು ಕಡೆ ದಪ್ಪಗಾಗಿದ್ದರೆ ಫಿಸಿಯೋ ಬಳಿ ಹೋಗಬೇಕು. ತೊಡೆಯ ಎರಡು ದಿನದ ಸಾಮಾನ್ಯ ನೋವು ಬೇರೆ, ಅದು ತಾನಾಗಿ ಹೋಗುತ್ತದೆ. ಎದೆನೋವು ಅಥವಾ ತಲೆ ಸುತ್ತು ಬಂದರೆ ಅಲ್ಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಏಳನೇ ವಾರ ಏರನ್ನು ವೇಗಕ್ಕೆ ತಿರುಗಿಸುವ ಕೆಲಸ. ಒಂದು ನಿಮಿಷದ ನಾಲ್ಕು ಏರು ಮುಗಿಸಿ, ಐದು ನಿಮಿಷ ಮೆಲ್ಲಗೆ ಓಡಿ, ಸಮತಟ್ಟಿನಲ್ಲಿ ಒಂದು ನಿಮಿಷದ ನಾಲ್ಕು ಓಟ, ನಡುವೆ ಎರಡು ನಿಮಿಷ ಬಿಡುವು. ಸಮತಟ್ಟಿನಲ್ಲಿ ಓಡುವಾಗ ಏರಿನ ಅದೇ ಮಂಡಿ, ಅದೇ ಕೈ ಇರಲಿ. ಎಂಟನೇ ವಾರ ಸ್ಪರ್ಧೆ. ಆ ವಾರ ಏರೇ ಬೇಡ, ಬುಧವಾರ ಸಮತಟ್ಟಿನಲ್ಲಿ ಇಪ್ಪತ್ತು ಸೆಕೆಂಡಿನ ಐದಾರು ಚುರುಕು ಓಟ ಸಾಕು. ಸ್ಪರ್ಧೆ ಮುಗಿದ ಮೇಲೆ ಎರಡು ವಾರ ಕಾಲಿಗೆ ಬಿಡುವು ಕೊಟ್ಟು ಮತ್ತೆ ಏರಿಗೆ ಬರುವಾಗ ಎಂಟರಿಂದ ಶುರು ಮಾಡಬೇಡಿ, 60 ಸೆಕೆಂಡಿನ ಐದರಿಂದ ಶುರು ಮಾಡಿ.